ಕಥೆ ಓದದವರ ಅಂಕ

ಅತ್ತೆಗೆ ಹತ್ತಕ್ಕೆ ಎಂಟು ಬಂದಿತ್ತು. ಮನೆಯಲ್ಲಿ ಯಾರಿಗೂ ಅದರಿಂದ ಸಂತೋಷವಾಗಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು.

"ಇನ್ನೆರಡು ಎಲ್ಲಿ ತಪ್ಪಾಯ್ತು?" ಅಂದರು ಅವರು, ಕನ್ನಡಕ ಮೂಗಿನ ತುದಿಗೆ ಜಾರಿಸಿ.

"ತಪ್ಪಿದ್ದು ಎರಡಲ್ಲ ಅತ್ತೆ, ಎಂಟು," ಅಂದಳು ಟೀಚರಮ್ಮ. "ನೀವು ಸರಿ ಮಾಡಿದ ಎಂಟೂ ನನ್ನ ತಪ್ಪು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೀಚರಮ್ಮ ಶಾಲೆಯೊಂದರಲ್ಲಿ ಭಾಷೆ ಕಲಿಸುವವಳು. ಈ ವರ್ಷ ಏಳನೇ ತರಗತಿಯ ಓದಿನ ಪರೀಕ್ಷೆಗೆ ಒಂದು ಸಣ್ಣ ಕಥೆ ಕೊಟ್ಟು, ಅದರ ಮೇಲೆ ನಾಲ್ಕು ಆಯ್ಕೆಗಳ ಹತ್ತು ಪ್ರಶ್ನೆ ಬರೆಯುವ ಕೆಲಸವನ್ನು ಕಾಡಿಬೇಡಿ ಪಡೆದಿದ್ದಳು. ಹತ್ತೂ ಊಹೆಯ ಪ್ರಶ್ನೆಗಳು. ಅಂದರೆ, ಉತ್ತರ ಕಥೆಯಲ್ಲಿ ಬರೆದಿರಬಾರದು, ಆದರೆ ಕಥೆಯಲ್ಲಿ ಇರಬೇಕು. ಇದು ಕೇಳುವುದಕ್ಕೆ ಚೆಂದ. ಬರೆಯುವುದಕ್ಕೆ ಕೂತರೆ ಹಗ್ಗದ ಮೇಲಿನ ನಡಿಗೆ.

ಈ ಮೊದಲು ಪ್ರಶ್ನೆ ತೆಗೆಯುತ್ತಿದ್ದವರು ಹಿರಿಯ ಮೇಷ್ಟ್ರೊಬ್ಬರು. ಇಡೀ ಶಾಲೆ ಬೆನ್ನ ಹಿಂದೆ ಅವರನ್ನು ಛತ್ರಿ ಮೇಷ್ಟ್ರು ಎನ್ನುತ್ತಿತ್ತು. ಕಳೆದ ವರ್ಷದ ಪರೀಕ್ಷೆಯ ಕಥೆಯಲ್ಲಿ ಒಬ್ಬ ಮುದುಕ ಕಾಯುತ್ತಾ ಕಾಯುತ್ತಾ ನಿಲ್ದಾಣದಲ್ಲೇ ಸತ್ತುಹೋಗುತ್ತಾನೆ. ಕಥೆಗಾರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಮೇಷ್ಟ್ರು ಕೇಳಿದ ಪ್ರಶ್ನೆ: ಮುದುಕನ ಛತ್ರಿಯ ಬಣ್ಣ ಯಾವುದು? ತರಗತಿಗೆ ತರಗತಿಯೇ ಸರಿ ಉತ್ತರ ಬರೆಯಿತು. ಆಮೇಲೆ ಟೀಚರಮ್ಮ "ಆ ಅಜ್ಜನಿಗೆ ಕೊನೆಗೆ ಏನಾಯ್ತು?" ಎಂದು ವಿಚಾರಿಸಿದರೆ, ಒಬ್ಬ ಹುಡುಗಿ ಯೋಚಿಸಿ, "ಬಸ್ಸು ಸಿಕ್ಕಿರುತ್ತೆ ಮಿಸ್," ಅಂದಿದ್ದಳು. ಅಂದೇ ಟೀಚರಮ್ಮ ಹಟ ಹಿಡಿದದ್ದು.

ಹೆಡ್‌ಮಿಸ್ಟ್ರೆಸ್ಸು ಒಪ್ಪಿದರು, ಆದರೆ ಒಂದು ಕೊಕ್ಕೆ ಇಟ್ಟು. ಅವರು ಗಣಿತದವರು, ನಂಬಿಕೆಯ ಮೇಲೆ ಯಾವುದನ್ನೂ ಒಪ್ಪುವ ಜಾತಿಯಲ್ಲ. "ಕಥೆ ಓದದ ಒಬ್ಬ ದೊಡ್ಡವರ ಕೈಯಲ್ಲಿ ಬರೀ ಪ್ರಶ್ನೆಗಳನ್ನ ಕೊಟ್ಟು ಉತ್ತರ ಬರೆಸಿ. ಕಣ್ಣು ಮುಚ್ಚಿ ಗೀಟು ಹಾಕಿದ್ರೂ ಹತ್ತರಲ್ಲಿ ಎರಡೋ ಮೂರೋ ಬರುತ್ತೆ, ನಾಲ್ಕಾದ್ರೂ ಸಹಿಸ್ಕೋತೀನಿ. ಅದಕ್ಕಿಂತ ಜಾಸ್ತಿ ಬಂದ್ರೆ ನಿಮ್ಮ ಪ್ರಶ್ನೆ ಓದನ್ನ ಅಳೀತಿಲ್ಲ, ಜಾಣತನ ಅಳೀತಿದೆ. ಆಗ ಕೆಲಸ ಮತ್ತೆ ಮೇಷ್ಟ್ರಿಗೆ." ಶಾಲೆಯಲ್ಲಿ ಅದಕ್ಕೆ 'ಖಾಲಿ ಪರೀಕ್ಷೆ' ಎಂದು ಹೆಸರು ಬಿತ್ತು. ಶುಕ್ರವಾರ ಬೆಳಿಗ್ಗೆ ಖಾಲಿ ಪರೀಕ್ಷೆಯ ಹಾಳೆ ಸಮೇತ ಪ್ರಶ್ನೆಪತ್ರಿಕೆ ಮೇಜಿನ ಮೇಲಿರಬೇಕು.

ಕಥೆ ಓದದ ದೊಡ್ಡವರು ಮನೆಯಲ್ಲೇ ಇದ್ದರಲ್ಲ ಎಂದು ಟೀಚರಮ್ಮ ಅತ್ತೆಯ ಮುಂದೆ ಹಾಳೆ ಇಟ್ಟಳು. ಒಂದನ್ನು ಮರೆತಿದ್ದಳು: ಅತ್ತೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಲಕೋಟೆ ಬಿಚ್ಚದೆ ಒಳಗೆ ಮದುವೆಯೋ ಮನಸ್ತಾಪವೋ ಹೇಳುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

"ಹೇಗೆ ಗೊತ್ತಾಯ್ತು ಹೇಳಿ ಅತ್ತೆ," ಅಂತ ಟೀಚರಮ್ಮ ಕುರ್ಚಿ ಎಳೆದು ಕೂತಳು.

ಅತ್ತೆ ಮೊದಲನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. ಏಣಿ ಎಲ್ಲಿ ಎಂದು ಅಣ್ಣ ಹೆಂಡತಿಯನ್ನು ಅಷ್ಟು ಗಟ್ಟಿಯಾಗಿ ಕೇಳಿದ್ದೇಕೆ? ಅ, ಅವನಿಗೆ ಯಾವಾಗಲೂ ಸಿಟ್ಟು. ಆ, ಹೆಂಡತಿ ಎಂದೂ ಮಾತು ಕೇಳುವುದಿಲ್ಲ. ಇ, ಗೋಡೆಯಾಚೆಯ ತಮ್ಮನಿಗೆ ಕೇಳಿಸಲಿ ಎಂಬ ಆಸೆ ಇತ್ತು, ಆದರೆ ನೇರವಾಗಿ ಕೇಳಲು ಬಹುಶಃ ಅಭಿಮಾನ ಅಡ್ಡ ಬಂದಿತ್ತು. ಈ, ಏಣಿ ಕಳುವಾಗಿತ್ತು.

"ಮೂವರಿಗೆ ಒಂದೊಂದು ಸೌಟು, ಇವನಿಗೆ ಮಾತ್ರ ಮೂರು. ಯಾರ ತಟ್ಟೆಗೆ ಜಾಸ್ತಿ ಬೀಳುತ್ತೋ ಅವನೇ ಅಳಿಯ. ಅದಕ್ಕೇನು ಕಥೆ ಓದ್ಬೇಕಾ?"

ಟೀಚರಮ್ಮ ನೋಡಿದಳು. ಹತ್ತರಲ್ಲಿ ಏಳು ಕಡೆ ಅಳಿಯ ಹೊಟ್ಟೆ ತುಂಬಿಸಿಕೊಂಡು ಕೂತಿದ್ದ.

"ಆಮೇಲೆ ಈ 'ಯಾವಾಗಲೂ', 'ಎಂದೂ'. ಆ ಮಾತೆಲ್ಲ ಜಗಳದಲ್ಲಿ ಬರುತ್ತಮ್ಮ, ನಿಜದಲ್ಲಿ ಬರಲ್ಲ. ನಿಜ ಹೇಳೋರು 'ಬಹುಶಃ' ಅಂತಾರೆ. ನೀನೂ ಹಾಗೇ ಬರ್ದಿದೀಯ."

"ಆರನೇದಕ್ಕೆ?"

"ಒಂಬತ್ತನೇ ಪ್ರಶ್ನೆನೇ ಉತ್ತರ ಕೊಟ್ಟಿದೆಯಲ್ಲ. 'ತಮ್ಮ ಬೆಳಗಾಗೋದ್ರೊಳಗೆ ಏಣಿ ಒರಗಿಸಿ ಹೋಗಿದ್ದಕ್ಕೆ ಕಾರಣವೇನು' ಅಂತ ಅಲ್ಲಿ ಕೇಳ್ತೀಯ. 'ಏಣಿ ತಂದಿಟ್ಟವರು ಯಾರು' ಅಂತ ಇಲ್ಲಿ ಕೇಳ್ತೀಯ. ಒಂದು ಕೈಲಿ ಬೀಗ ಹಾಕಿ ಇನ್ನೊಂದು ಕೈಲಿ ಬೀಗದ ಕೈ ಕೊಟ್ಟ ಹಾಗೆ."

ಸೋಫಾದಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಗಂಡ ಪತ್ರಿಕೆಯ ಹಿಂದೆಯೇ ನಕ್ಕ. ವಿಮೆ ಕಚೇರಿಯ ನೌಕರ. ಅಮ್ಮನಿಗೂ ಹೆಂಡತಿಗೂ ನಡುವೆ ಯಾವ ಪಕ್ಷವನ್ನೂ ವಹಿಸದೆ ಬದುಕಿ ಉಳಿದವನು.

ಟೀಚರಮ್ಮ ಎಲ್ಲ ತಿದ್ದಿದಳು. ನಾಲ್ಕೂ ಆಯ್ಕೆ ಒಂದೇ ಅಳತೆ. 'ಯಾವಾಗಲೂ' ಹೋಯಿತು, 'ಬಹುಶಃ' ಹೋಯಿತು. ಒಂದು ಪ್ರಶ್ನೆ ಇನ್ನೊಂದರ ಗುಟ್ಟು ಬಿಡದ ಹಾಗೆ ನೋಡಿಕೊಂಡಳು. ಮಂಗಳವಾರ ಮತ್ತೆ ಅತ್ತೆಯ ಮುಂದಿಟ್ಟಳು.

ಏಳು.

"ಈಗೇನು?" ಅಂದಳು, ದನಿ ಸ್ವಲ್ಪ ಸೋತು.

"ನಿಂಗೆ ಕೆಟ್ಟೋರನ್ನ ಬರೆಯೋಕೆ ಬರಲ್ಲ," ಅಂದರು ಅತ್ತೆ, ಬೈಯುವವರಂತೆಯೂ ಅಲ್ಲ, ಹೊಗಳುವವರಂತೆಯೂ ಅಲ್ಲ. "ಮೂರು ಉತ್ತರದಲ್ಲಿ ಅಣ್ಣ ದುಷ್ಟ, ಅತ್ತಿಗೆ ಗಯ್ಯಾಳಿ, ತಮ್ಮ ಕಳ್ಳ. ನಾಲ್ಕನೇದ್ರಲ್ಲಿ ಒಳಗೊಳಗೇ ಪ್ರೀತಿ. ನಿನ್ನ ಜೊತೆ ಇಷ್ಟು ವರ್ಷ ಬಾಳಿದೀನಿ. ನೀನು ಯಾವುದಕ್ಕೆ ಅಂಕ ಕೊಡ್ತೀಯ ಅಂತ ಗೊತ್ತಾಗಲ್ವಾ? ನಾನು ಉತ್ತರ ಹುಡುಕಲಿಲ್ಲಮ್ಮ, ನಿನ್ನನ್ನ ಹುಡುಕಿದೆ."

ಪತ್ರಿಕೆಯ ಹಿಂದಿನ ನಗು ಈ ಸಲ ಕೆಮ್ಮಾಗಿ ಬದಲಾಯಿತು.

ಟೀಚರಮ್ಮನಿಗೆ ಅವಮಾನವಾಯಿತು, ಆದರೆ ವಿದ್ಯೆ ಕಲಿಸಿದ ಅವಮಾನ. ತಪ್ಪು ಉತ್ತರಗಳನ್ನು ಅವಳು ತನ್ನ ತಲೆಯಿಂದ ಹೆಣೆಯುತ್ತಿದ್ದಳು. ಅದಕ್ಕೇ ಅವು ಗೊಂಬೆಯಾಟದ ರಾಕ್ಷಸರ ಹಾಗೆ ದೂರದಿಂದಲೇ ಗುರುತು ಸಿಗುತ್ತಿದ್ದವು. ಒಳ್ಳೆಯ ತಪ್ಪು ಉತ್ತರ ಬೇಕಾದರೆ ನಿಜವಾಗಿ ತಪ್ಪಿದವರ ಬಳಿ ಹೋಗಬೇಕು. ಬುಧವಾರ ಅವಳು ಎಂಟನೇ ತರಗತಿಗೆ ಹೋದಳು. ಆ ಮಕ್ಕಳು ಈ ಪರೀಕ್ಷೆ ಬರೆಯುವವರಲ್ಲ. ಅವರಿಗೆ ಕಥೆ ಓದಲು ಕೊಟ್ಟು, ಆಯ್ಕೆಗಳನ್ನೇ ಕೊಡದೆ, ಪ್ರಶ್ನೆಗಳನ್ನು ಮಾತ್ರ ಬೋರ್ಡಿನ ಮೇಲೆ ಬರೆದು, "ನಿಮಗೆ ಅನಿಸಿದ್ದು ಬರೀರಿ" ಅಂದಳು. ಕೊನೆಗೆ ಕಥೆಯ ಪ್ರತಿಗಳನ್ನೆಲ್ಲ ಎಣಿಸಿ ವಾಪಸು ತೆಗೆದುಕೊಂಡಳು.

ಕಥೆ ಇಷ್ಟೇ. ಒಂದೇ ಗೋಡೆಯ ಆಚೆ ಈಚೆ ಇರುವ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಅಪ್ಪನ ಕಾಲದ ಏಣಿ ತಮ್ಮನ ಕೊಟ್ಟಿಗೆಯಲ್ಲಿದೆ, ಅದು ಅಣ್ಣನಿಗೂ ಗೊತ್ತು. ಏಣಿ ಬೇಕಾದಾಗಲೆಲ್ಲ ಅಣ್ಣ, ತನ್ನ ಪಿಸುಮಾತಿಗೂ ಉತ್ತರ ಕೊಡುವ ಹೆಂಡತಿಯನ್ನು, ಊರಿಗೆ ಕೇಳುವಂತೆ "ಏಣಿ ಎಲ್ಲಿ?" ಎನ್ನುತ್ತಾನೆ. ಬೆಳಿಗ್ಗೆ ಏಣಿ ಗೋಡೆಗೆ ಒರಗಿರುತ್ತದೆ. ಒಂದು ಸಲ ಮಾತ್ರ, ಎಷ್ಟು ಕೂಗಿದರೂ ಏಣಿ ಬರುವುದಿಲ್ಲ. ಅಣ್ಣ ಮೂರು ದಿನ ಉರಿಯದ ಬಲ್ಬಿನ ಕೆಳಗೆ ಕೂತು, ನಾಲ್ಕನೆಯ ದಿನ ತಮ್ಮನ ಬಾಗಿಲಿಗೆ ಹೋಗುತ್ತಾನೆ. ತಮ್ಮನ ಹೆಂಡತಿ ಏನೂ ಹೇಳದೆ ಮಂಚದ ಪಕ್ಕಕ್ಕೆ ಒಂದು ಕುರ್ಚಿ ಎಳೆದಿಡುತ್ತಾಳೆ. ಅಲ್ಲಿಗೆ ಮುಗಿಯಿತು.

ಮಕ್ಕಳ ಉತ್ತರಗಳನ್ನು ಓದುತ್ತಾ ಟೀಚರಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕಳು. ಒಬ್ಬ ಬರೆದಿದ್ದ: 'ಹೆಂಡತಿಗೆ ಕಿವಿ ಕೇಳಲ್ಲ, ನಮ್ಮ ಅಪ್ಪನೂ ಹೀಗೇ ಕೂಗ್ತಾರೆ.' ಇನ್ನೊಬ್ಬಳು: 'ಹೆಂಡತಿ ಏಣಿ ಬಚ್ಚಿಟ್ಟಿದ್ದಾಳೆ, ಗಂಡ ಮೇಲಿಂದ ಬೀಳಬಾರದು ಅಂತ.' ಇದರಲ್ಲಿ ರಾಕ್ಷಸರಿಲ್ಲ. ಕಥೆಯನ್ನು ಅರ್ಧ ಓದಿ ಉಳಿದರ್ಧವನ್ನು ಮನೆಯಿಂದ ತುಂಬಿದ ಮಕ್ಕಳಿದ್ದಾರೆ. ಪ್ರತಿ ಉತ್ತರವನ್ನೂ ಕಥೆಯೊಳಗಿನ ಒಂದು ಸಾಲು ಹೊಡೆದು ಹಾಕುತ್ತದೆಯೇ ಎಂದು ನೋಡಿ, ಹಾಗೆ ಹೊಡೆಯುವ ಸಾಲಿರುವುದನ್ನು ಮಾತ್ರ ಇಟ್ಟುಕೊಂಡಳು. ಮೊದಲನೇ ಪ್ರಶ್ನೆಯ ಆಯ್ಕೆಗಳು ಈಗ ಹೀಗಾದವು: ಹೆಂಡತಿಗೆ ಕಿವಿ ಮಂದವಾಗಿತ್ತು. ಏಣಿ ಕಳೆದದ್ದಕ್ಕೆ ಸಿಟ್ಟಾಗಿತ್ತು. ಹೆಂಡತಿ ಏಣಿ ಬಚ್ಚಿಟ್ಟಿದ್ದಳು. ತಮ್ಮನಿಗೆ ಅದು ಕೇಳಬೇಕಿತ್ತು. ಕಥೆ ಓದದವನಿಗೆ ನಾಲ್ವರೂ ಒಂದೇ ತಾಯಿಯ ಮಕ್ಕಳು.

ಗುರುವಾರ ಸಂಜೆ ಅತ್ತೆ ಹಾಳೆ ತೆಗೆದುಕೊಳ್ಳುವ ಮೊದಲು ಕೇಳಿದರು. "ಈಗಲಾದ್ರೂ ಕಥೆ ಹೇಳ್ತೀಯಾ?"

"ಹೇಳಿದ್ರೆ ನೀವು ಖಾಲಿ ಇರಲ್ಲ ಅತ್ತೆ."

"ಮೂರು ದಿನದಿಂದ ಅಣ್ಣ ಅಂತೆ, ತಮ್ಮ ಅಂತೆ, ಏಣಿ ಅಂತೆ. ಊಟಕ್ಕೆ ಕರೆದು ಬರೀ ಕೈ ತೊಳಿಸಿ ಕಳಿಸ್ತಿದೀಯ."

"ನಾಳೆ ಪೇಪರ್ ಒಪ್ಪಿಸಿದ ಮೇಲೆ ಹೇಳ್ತೀನಿ."

ಅತ್ತೆ ಗೊಣಗುತ್ತಲೇ ಕೂತರು. ಈ ಸಲ ಹೆಚ್ಚು ಹೊತ್ತು ತೆಗೆದುಕೊಂಡರು. ಟೀಚರಮ್ಮ ಕೆಂಪು ಪೆನ್ನು ಹಿಡಿದು ಒಂದೊಂದೇ ನೋಡುತ್ತಾ ಬಂದಳು. ತಪ್ಪು. ತಪ್ಪು. ತಪ್ಪು. ಕೊನೆಯವರೆಗೂ ತಪ್ಪು. ಅವಳು ಎದ್ದು ನಿಂತಳು.

"ಸೊನ್ನೆ ಅತ್ತೆ. ನಿಮಗೆ ಸೊನ್ನೆ ಬಂತು."

"ಬರಲಿ ಬಿಡು," ಅಂದರು ಅತ್ತೆ ವಿನಯದಿಂದ. "ಕಷ್ಟ ಇತ್ತು."

ಆ ವಿನಯವೇ ಕೆಟ್ಟದ್ದು. ಅತ್ತೆ ಸೋತು ವಿನಯದಿಂದಿದ್ದುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಟೀಚರಮ್ಮನಿಗೆ ಹೊಳೆದಿರಲಿಲ್ಲ, ಹೊಳೆಯಿಸಿದ್ದು ಸೋಫಾದ ಮೇಲಿನ ಪತ್ರಿಕೆ.

"ಸೊನ್ನೆನಾ?" ಅಂತು ಅದು. ಮಡಚಿಕೊಂಡು ಕೆಳಗಿಳಿಯಿತು. "ನೋಡೇ, ನಮ್ಮ ಕಚೇರಿಲಿ ಒಂದು ಊರಿಂದ ಇಡೀ ವರ್ಷ ಒಂದೂ ಕ್ಲೇಮ್ ಬರ್ಲಿಲ್ಲ ಅಂದ್ರೆ ನಾವು ಖುಷಿ ಪಡಲ್ಲ. ಜೀಪು ಕಳಿಸ್ತೀವಿ."

"ಅಂದ್ರೆ?"

"ಏನೂ ಗೊತ್ತಿಲ್ದೋರಿಗೆ ಎರಡು ಮೂರು ತಾನಾಗೇ ಸರಿ ಬಿದ್ದುಬಿಡುತ್ತೆ. ಒಂದೂ ಬೀಳದ ಹಾಗೆ ನೋಡ್ಕೋಬೇಕಾದ್ರೆ, ಎಲ್ಲಿ ಬೀಳುತ್ತೆ ಅಂತ ಗೊತ್ತಿರಬೇಕು."

ಅತ್ತೆ ಮಗನ ಕಡೆ ನೋಡಿದ ನೋಟದಲ್ಲಿ ಹೆತ್ತದ್ದರ ಬಗ್ಗೆ ಮರುಚಿಂತನೆಯಿತ್ತು.

"ದುರದೃಷ್ಟ ಅಂತಲೂ ಇರುತ್ತಪ್ಪ," ಅಂದರು. "ಅದೃಷ್ಟ ಇಲ್ಲದೋರು ಜಗತ್ತಲ್ಲಿ ಎಷ್ಟು ಜನ ಇಲ್ಲ? ಆ ತಮ್ಮನ ಹೆಂಡತಿನೇ ನೋಡು, ಪಾಪ, ಮೂರು ದಿನ ಒಬ್ಬಳೇ ಹೆಣಗಾಡಿದ್ಳು."

ಟೀಚರಮ್ಮ ಕೆಂಪು ಪೆನ್ನಿಗೆ ಮೆಲ್ಲಗೆ ಮುಚ್ಚಳ ಹಾಕಿದಳು.

"ತಮ್ಮನಿಗೆ ಮದುವೆ ಆಗಿದೆ ಅಂತ ಯಾವ ಪ್ರಶ್ನೆಲಿದೆ ಅತ್ತೆ?"

ಅತ್ತೆ ಹಾಳೆಯನ್ನು ಎಳೆದುಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದರು.

"ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ," ಅಂದರು ಅತ್ತೆ ಕೊನೆಗೆ, "ನಿನ್ನ ಚೀಲ ಕುರ್ಚಿ ಮೇಲಿಂದ ಬಿತ್ತು."

"ಬಿತ್ತಾ?"

"ಬೀಳೋ ಹಾಗೆ ಇತ್ತು. ಎತ್ತಿಡೋವಾಗ ಕಥೆ ಹೊರಗೆ ಬಂತು. ಬಂದಿದ್ದನ್ನ ಬೇಡ ಅನ್ನೋಕಾಗುತ್ತಾ? ಎಷ್ಟು ಚೆನ್ನಾಗಿದೆಯೇ ಅದು. ಓದಿದ ಮೇಲೆ ನಿನ್ನ ಪ್ರಶ್ನೆ ನೋಡಿದ್ರೆ ಉತ್ತರ ಎಲ್ಲಾ ಕಣ್ಣಿಗೆ ಹೊಡೀತಿದೆ. ಎಲ್ಲಾ ಸರಿ ಹಾಕಿದ್ರೆ ನಿನ್ನ ಪೇಪರ್ ಹೋಗುತ್ತೆ, ಆ ಛತ್ರಿ ಬಂದು ಕೂರುತ್ತೆ. ಅದಕ್ಕೇ ಒಂದೊಂದನ್ನೂ ಹುಡುಕಿ ಹುಡುಕಿ ತಪ್ಪು ಮಾಡಿದೆ. ಎಷ್ಟು ಕಷ್ಟ ಗೊತ್ತಾ?"

ಟೀಚರಮ್ಮನಿಗೆ ಬೈಯಬೇಕು ಅನ್ನಿಸಿತು, ಆಗಲಿಲ್ಲ. ಅತ್ತೆಯ ಜೀವನದಲ್ಲಿ ಬೇಕೆಂದೇ ಸೋತ ಒಂದೇ ಆಟ ಅದು, ಅದೂ ಸೊಸೆಗಾಗಿ. ಆದರೆ ಹಾಳೆ ಮಾತ್ರ ಕೆಲಸಕ್ಕೆ ಬಾರದ ಹಾಳೆ.

"ಒಂದೆರಡು ಸರಿ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಅಂದ ಗಂಡ, ಸಹಾಯ ಮಾಡುವವನಂತೆ.

"ನಂಗೇನು ಗೊತ್ತಿತ್ತಪ್ಪ, ದಡ್ಡತನಕ್ಕೂ ಲೆಕ್ಕ ಇರುತ್ತೆ ಅಂತ."

ಶುಕ್ರವಾರ ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ಕೋಣೆಗೆ ಟೀಚರಮ್ಮ ಹೋದಾಗ ಛತ್ರಿ ಮೇಷ್ಟ್ರು ಮೊದಲೇ ಬಂದು, ಗೆದ್ದ ಅಭ್ಯರ್ಥಿಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪರೀಕ್ಷಾ ಸಮಿತಿಯ ಸದಸ್ಯರಾದ್ದರಿಂದ ಅವರಿಗೆ ಕಥೆಯ ಪ್ರತಿ ಹೋದ ವಾರವೇ ಹೋಗಿತ್ತು. ಪ್ರಶ್ನೆಗಳನ್ನು ಮಾತ್ರ ಇನ್ನೂ ಯಾರಿಗೂ ತೋರಿಸಿರಲಿಲ್ಲ. ಟೀಚರಮ್ಮ ಅತ್ತೆಯ ಹಾಳೆಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮೊದಲು ಎಂಟು, ಆಮೇಲೆ ಏಳು, ಈಗ ಸೊನ್ನೆ, ಸೊನ್ನೆಗೆ ಕಾರಣ ಚೀಲ.

ಹೆಡ್‌ಮಿಸ್ಟ್ರೆಸ್ಸಿನ ಮುಖದಲ್ಲಿ ನಗು ಬರಲು ಜಾಗ ಹುಡುಕಿ ಸಿಗದೆ ಹೋಯಿತು. "ಹಾಗಾದ್ರೆ ಖಾಲಿ ಪರೀಕ್ಷೆ ಆಗೇ ಇಲ್ಲ."

"ಆಗಿಲ್ಲ ಮೇಡಂ. ಮಧ್ಯಾಹ್ನದವರೆಗೆ ಸಮಯ ಕೊಟ್ರೆ ಬೇರೆ ಯಾರನ್ನಾದ್ರೂ—"

"ಮಧ್ಯಾಹ್ನ ಪ್ರೆಸ್ಸಿನವನು ಬರ್ತಾನೆ," ಅಂದರು ಮೇಷ್ಟ್ರು ಮರುಕದಿಂದ. "ನನ್ನ ಹತ್ರ ಹತ್ತು ಪ್ರಶ್ನೆ ಸಿದ್ಧ ಇದೆ ಮೇಡಂ. ಏಣಿಗೆ ಎಷ್ಟು ಮೆಟ್ಟಿಲು, ಯಾವ ಮರದ್ದು, ಎಲ್ಲಾ ಖಡಕ್ಕಾಗಿ ಒಂದೇ ಉತ್ತರ. ಈ ಊಹೆ ಪಾಹೆ ಅಂದ್ರೆ ಎರಡೆರಡು ಉತ್ತರ ಸರಿ ಬರುತ್ತೆ. ನಾಳೆ ಅಪ್ಪ ಅಮ್ಮಂದಿರು ಬಂದು ಜಗಳ ಆಡ್ತಾರೆ."

"ಕಥೆ ಓದಿದವರಿಗೂ ಎರಡೆರಡು ಸರಿ ಅನ್ಸುತ್ತಾ?" ಅಂದರು ಹೆಡ್‌ಮಿಸ್ಟ್ರೆಸ್.

"ಓದಿದವರಿಗೇ ಅನ್ಸೋದು ಮೇಡಂ."

"ನೀವು ಓದಿದೀರಲ್ಲ?"

"ಓದದೇ ಮಾತಾಡ್ತೀನಾ."

ಹೆಡ್‌ಮಿಸ್ಟ್ರೆಸ್ ಪ್ರಶ್ನೆಪತ್ರಿಕೆಯನ್ನು ಅವರ ಮುಂದೆ ತಳ್ಳಿ ಒಂದು ಪೆನ್ಸಿಲ್ ಇಟ್ಟರು. "ಹಾಗಾದ್ರೆ ಬರೆದುಬಿಡಿ. ಎಲ್ಲೆಲ್ಲಿ ಎರಡು ಸರಿ ಅನ್ಸುತ್ತೋ ಆಮೇಲೆ ಹೇಳಿ, ತೆಗೆದು ಹಾಕೋಣ."

ಮೇಷ್ಟ್ರು ಕಾಲು ಕೆಳಗಿಳಿಸಿದರು. ಪೆನ್ಸಿಲ್ ಹಿಡಿದು, ಸೀನಿದರು, ಕಿಟಕಿ ನೋಡಿದರು, ಬರೆದರು. ಟೀಚರಮ್ಮ ಅವರ ಹಣೆಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಿಂತು ನೋಡಿದವಳಿಗೆ ಓದಿಕೊಂಡು ಬಂದ ಹಣೆ ಯಾವುದು, ಓದದೆ ಬಂದ ಹಣೆ ಯಾವುದು ಎಂದು ಗೊತ್ತಿರುತ್ತದೆ.

ಹೆಡ್‌ಮಿಸ್ಟ್ರೆಸ್ ತಾವೇ ಸರಿ ಉತ್ತರದ ಪಟ್ಟಿ ಹಿಡಿದು ನೋಡಿದರು. "ಎರಡು," ಅಂದರು.

"ಎರಡು ತಪ್ಪೇ? ಅಷ್ಟು ಬರಬಹುದು."

"ಎರಡು ಸರಿ."

ಮೇಷ್ಟ್ರು ಕೆಂಪಾದರು. "ನೋಡಿದ್ರಾ, ನಾನು ಹೇಳ್ಲಿಲ್ವಾ? ಮೊದಲನೇದನ್ನೇ ತಗೊಳ್ಳಿ. ಹೆಂಡತಿಗೆ ಕಿವಿ ಮಂದ ಅಂತ ಹಾಕಿದೀನಿ. ಅದು ಯಾಕೆ ತಪ್ಪು? ಕಿವಿ ಕೇಳದೋರ ಹತ್ರ ಎಲ್ರೂ ಗಟ್ಟಿಯಾಗೇ ಮಾತಾಡ್ತಾರೆ."

"ಆ ಹೆಂಡತಿ ಅವನ ಪಿಸುಮಾತಿಗೂ ಉತ್ತರ ಕೊಡ್ತಾಳೆ ಸಾರ್," ಅಂದಳು ಟೀಚರಮ್ಮ. "ಎರಡನೇ ಪ್ಯಾರಾ."

"ಕೊಡ್ತಾಳಾ?"

ಬಾಯಿಂದ ಹಾರಿದ ಆ ಮಾತನ್ನು ವಾಪಸು ಹಿಡಿಯಲು ಮೇಷ್ಟ್ರು ಕೈಯನ್ನೂ ಎತ್ತಿದ್ದರು. ಅದು ಆಗಲೇ ಮೇಜು ದಾಟಿತ್ತು.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು. ಲೆಕ್ಕ ಬಿಡಿಸುವ ಮೊದಲು ಅವರು ಹಾಗೆ ಮಾಡುತ್ತಿದ್ದರು. "ಮೇಷ್ಟ್ರೇ, ನಂಗೆ ಒಂದು ಸಹಾಯ ಮಾಡಿ. ಇದು ಎರಡು ರೀತಿ ಆಗಿರಬಹುದು. ಒಂದು, ನೀವು ಕಥೆ ಓದಿದೀರಿ, ಓದಿಯೂ ಹತ್ತಕ್ಕೆ ಎರಡು ಬಂದಿದೆ. ಹಾಗಿದ್ರೆ ಮುಂದಿನ ವರ್ಷ ನೀವು ಭಾಷೆ ಕಲಿಸೋ ವಿಷಯ ಸ್ವಲ್ಪ ಮಾತಾಡ್ಬೇಕಾಗುತ್ತೆ. ಇಲ್ಲಾಂದ್ರೆ, ನೀವು ಓದಿಲ್ಲ."

"ಏಣಿಯ ಮೆಟ್ಟಿಲು, ಮರ ಹುಡುಕೋಕೆ ಮೇಲಿಂದ ಕಣ್ಣಾಡಿಸಿದ್ದೆ ಮೇಡಂ."

"ಎಷ್ಟು ಮೇಲಿಂದ?"

ಮೇಷ್ಟ್ರು ಲೆಕ್ಕ ಹಾಕಿದರು. ಎರಡರಲ್ಲಿ ಯಾವ ಉತ್ತರಕ್ಕೆ ನಷ್ಟ ಕಡಿಮೆ ಎಂದು ತೂಗುವುದು ಮುಖದ ಮೇಲೆ ಕಾಣುತ್ತಿತ್ತು. ಬಹುಶಃ ಜೀವನದಲ್ಲಿ ಮೊದಲ ಸಲ ಅವರು ಬರೆದಿಲ್ಲದ್ದನ್ನು ಓದುತ್ತಿದ್ದರು.

"ಓದಿಲ್ಲ," ಅಂದರು.

"ಸಂತೋಷ," ಅಂದರು ಹೆಡ್‌ಮಿಸ್ಟ್ರೆಸ್, ನಿಜವಾದ ಸಂತೋಷದಿಂದ. "ಹಾಗಾದ್ರೆ ಖಾಲಿ ಪರೀಕ್ಷೆ ಈಗ ಆಯ್ತು. ಓದದ ದೊಡ್ಡವರಿಗೆ ಹತ್ತಕ್ಕೆ ಎರಡು, ಕಣ್ಣು ಮುಚ್ಚಿ ಗೀಟು ಹಾಕಿದಷ್ಟೇ. ಇನ್ನು ಓದಿದವರಿಗೆ ಎರಡೆರಡು ಸರಿ ಅನ್ಸುತ್ತಾ ಅನ್ನೋ ಪ್ರಶ್ನೆ." ಅತ್ತೆಯ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಈಕೆ ಓದಿದಾರೆ. ಓದಿ ಹತ್ತೂ ತಪ್ಪು ಮಾಡಿದಾರೆ, ಒಂದೂ ಕೈ ಜಾರದ ಹಾಗೆ. ಯಾವುದಾದ್ರೂ ಪ್ರಶ್ನೆಲಿ ಪಟ್ಟಿಲಿರೋ ಉತ್ತರಕ್ಕಿಂತ ಇನ್ನೊಂದು ಸರಿ ಅನ್ಸಿದ್ರೆ, ಬೇಕಂತಲೇ ತಪ್ಪು ಮಾಡೋವಾಗ ಎಲ್ಲೋ ಒಂದು ಕಡೆ ಎಡವಿ ಸರಿ ಉತ್ತರದ ಮೇಲೇ ಬೀಳ್ತಿದ್ರು. ಈ ಸೊನ್ನೆಗಿಂತ ಒಳ್ಳೆ ಸಾಕ್ಷಿ ನಂಗೆ ಬೇಡ. ನಿಮ್ಮ ಅತ್ತೆ ಅವರು ಸಮಿತಿಗೆ ಬರ್ತಾರಾ ಕೇಳಿ."

"ಬರ್ತಾರೆ ಮೇಡಂ. ಬಂದ್ರೆ ಹೋಗಲ್ಲ."

ಹೆಡ್‌ಮಿಸ್ಟ್ರೆಸ್ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿ ಸಹಿ ಹಾಕಿದರು. ಆಮೇಲೆ ಒಂದು ಬಿಳಿ ಹಾಳೆಯ ಮೇಲೆ ಎರಡು ಸಾಲು ಬರೆದು ಮೇಷ್ಟ್ರ ಕಡೆ ತಿರುಗಿಸಿದರು. 'ಈ ಕಥೆಯನ್ನು ನಾನು ಓದಿರುವುದಿಲ್ಲ. ಪ್ರಶ್ನೆಗಳಿಗೆ ಓದದೆಯೇ ಉತ್ತರಿಸಿದ್ದೇನೆ.' ನಿಯಮದ ಪ್ರಕಾರ ಖಾಲಿ ಪರೀಕ್ಷೆ ಬರೆದವರ ಸಹಿ ಬೇಕಿತ್ತು. ಮೇಷ್ಟ್ರು ಹಾಕಿದರು. ಅಕ್ಷರ ಮಾತ್ರ ಮುತ್ತಿನಂತಿತ್ತು.

ಟೀಚರಮ್ಮ ಹೊರಗೆ ಬಂದು ವರಾಂಡದ ಅರ್ಧ ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಓಡಿ ಬಂತು.

"ಮೇಡಂ, ಒಂದು ನಿಮಿಷ." ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ನನ್ನ ಪ್ರತಿ ಮೇಲೆ ಚಹಾ ಚೆಲ್ಲಿ ಹೋಯ್ತು. ನಿಮ್ಮ ಹತ್ರ ಇನ್ನೊಂದು ಇದ್ರೆ ಕೊಡಿ. ಸುಮ್ನೆ... ಆ ಇಬ್ಬರಿಗೆ ಏನಾಯ್ತು ಅಂತ."

ಟೀಚರಮ್ಮ ಚೀಲವನ್ನು ಎದೆಗೆ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡಳು.

"ಪರೀಕ್ಷೆ ಮುಗಿಯೋವರೆಗೂ ಕೊಡೋ ಹಾಗಿಲ್ಲ ಸಾರ್. ಓದಿಲ್ಲ ಅಂತ ಈಗ ತಾನೇ ಸಹಿ ಹಾಕಿದೀರಿ."